ಕವಲಿನ ಬಿರುಕನ್ನು ಫೋನಿನಲ್ಲಿ ಹೇಳಿದ್ದು

2021ರ ಮೇ 15ರಂದು ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಆಚೆ ಸಮುದ್ರದಲ್ಲಿ ಉತ್ತರಕ್ಕೆ ಸಾಗಿದ ದಿನ, ಕಟಪಾಡಿಯ ನಮ್ಮ ಮನೆಯ ಹಿಂದಿನ ಕಾಟುಮಾವಿನ ಮರ ಪೆಟ್ಟು ತಿಂದಿತು. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಆ ಮರ ಎರಡಾಗಿ ಕವಲೊಡೆದಿದೆ. ಒಂದು ಕವಲು ದಕ್ಷಿಣಕ್ಕೆ ಗದ್ದೆಯ ಕಡೆ ಬಾಗಿದರೆ ಇನ್ನೊಂದು ಉತ್ತರಕ್ಕೆ, ನಮ್ಮ ಅಡುಗೆಮನೆಯ ಹಂಚಿನ ಮಾಡಿನ ಮೇಲೆ ಚಾಚಿಕೊಂಡಿದೆ. ಆ ರಾತ್ರಿ ಗಾಳಿ ಮೊದಲು ದಕ್ಷಿಣದಿಂದ, ಆಮೇಲೆ ನೈಋತ್ಯದಿಂದ ಬೀಸಿತು. ಮಿಡಿ ದಾಟಿ ಬೆಳೆದ ಕಾಯಿಗಳ ಭಾರ ಮತ್ತು ಒದ್ದೆಯಾದ ಎಲೆಗಳ ಭಾರ ಎರಡೂ ಗೆಲ್ಲುಗಳ ತುದಿಯಲ್ಲಿದ್ದವು. ನಡುರಾತ್ರಿಯ ಹೊತ್ತಿಗೆ ದಕ್ಷಿಣ ಕವಲಿನ ದೊಡ್ಡ ಗೆಲ್ಲೊಂದು ಮುರಿದು ಪಶ್ಚಿಮದ ಓಣಿಗೆ ಬಿತ್ತು.

ಮರುದಿನ ಬೆಳಿಗ್ಗೆ ಮರದ ಸುತ್ತ ನಡೆದು ಮೊಬೈಲಿನಲ್ಲಿ ಹನ್ನೊಂದು ಫೋಟೊ ತೆಗೆದಿದ್ದೆ. ಅಷ್ಟರಲ್ಲಿ ಊರಿನವರು ಸೇರಿ ಓಣಿಗೆ ಬಿದ್ದ ಗೆಲ್ಲನ್ನು ತುಂಡು ಮಾಡಿ ಬದಿಗೆ ಹಾಕಿದರು. ನಾನೂ ಮಳೆಯಲ್ಲಿ ನೆನೆಯುತ್ತಾ ಅವರ ಜೊತೆ ಕೈ ಹಾಕಿದೆ. ಒಳಗೆ ಬಂದು ನೋಡುವಾಗ ಸೆರಗಿನಲ್ಲಿ ಸಿಕ್ಕಿಸಿಕೊಂಡಿದ್ದ ಮೊಬೈಲಿಗೆ ನೀರು ನುಗ್ಗಿ ಅದು ಸತ್ತೇಹೋಗಿತ್ತು, ಆ ಮೇಲೂ ಅದಕ್ಕೆ ಜೀವ ಬರಲಿಲ್ಲ. ಕರೆಂಟಿರಲಿಲ್ಲ, ಟವರು ಸತ್ತಿದ್ದುದರಿಂದ ಅಕ್ಕಪಕ್ಕದವರ ಮೊಬೈಲುಗಳಿಂದಲೂ ಪ್ರಯೋಜನವಿರಲಿಲ್ಲ, ಲಾಕ್‌ಡೌನ್ ಕಾರಣ ರಿಪೇರಿ ಅಂಗಡಿಗಳು ಮುಚ್ಚಿದ್ದವು. ಉಳಿದದ್ದು ಚಾವಡಿಯ ಮೂಲೆಯಲ್ಲಿದ್ದ ಹಳೆಯ ಲ್ಯಾಂಡ್‌ಲೈನ್ ಒಂದೇ. ಮಂಗಳೂರಿನಲ್ಲಿ ಮರಗಳಿಗೆ ಚಿಕಿತ್ಸೆ ಮಾಡುವವರೊಬ್ಬರು ಹಿಂದೊಮ್ಮೆ ನಮ್ಮ ಊರಿನ ಅಶ್ವತ್ಥಕಟ್ಟೆಯ ಮರ ನೋಡಲು ಬಂದಿದ್ದರು. ಅವರ ನಂಬರು ಡೈರಿಯಲ್ಲಿತ್ತು. 17ರ ಬೆಳಿಗ್ಗೆ ಅವರಿಗೆ ಫೋನು ಮಾಡಿದೆ.

ನನ್ನ ಮೊದಲ ವಾಕ್ಯವೇ ತಪ್ಪಾಗಿತ್ತು. "ಸರ್, ನಮ್ಮ ಮಾವಿನ ಮರ ಸೀಳಿಹೋಗಿದೆ, ದೊಡ್ಡ ಗೆಲ್ಲು ಮುರಿದಿದೆ, ಒಳಗೆಲ್ಲ ಕಪ್ಪು, ಟೊಳ್ಳಾದ ಹಾಗೆ ಕಾಣುತ್ತದೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೀಳಿದ್ದು ಮರವಾ, ಅಲ್ಲ ಕೆತ್ತೆಯಾ? ಗೆಲ್ಲು ಕಿತ್ತುಬರುವಾಗ ಜೊತೆಗೆ ಕೆತ್ತೆ ಸುಲಿದುಬಂದದ್ದನ್ನೂ ಜನ ಸೀಳು ಅಂತಲೇ ಹೇಳ್ತಾರೆ. ನನಗೆ ಅವೆರಡೂ ಬೇರೆ ಬೇರೆ ರೋಗ" ಎಂದರು. ಕೆತ್ತೆ ಎಂದರೆ ಮರದ ತೊಗಟೆ. ನನಗೆ ಉತ್ತರ ಗೊತ್ತಿರಲಿಲ್ಲ. ಕಣ್ಣಿಗೆ ದೊಡ್ಡದಾಗಿ ಕಂಡದ್ದು ದಕ್ಷಿಣ ಕವಲಿನ ಮೇಲೆ ಬೆಳ್ಳಗೆ ಹೊಳೆಯುತ್ತಿದ್ದ ಉದ್ದನೆಯ ಗಾಯ. ಕವಲಿನ ಸಂದಿನಲ್ಲಿ ಒಂದು ಗೆರೆಯಿತ್ತೆಂಬ ನೆನಪೂ ಇತ್ತು, ಆದರೆ ಅದನ್ನು ನಾನು ಹೇಳಲೇ ಇಲ್ಲ.

ಅವರು ಗಾಯದ ಬಗ್ಗೆ ಇನ್ನೇನೂ ಕೇಳುವ ಮೊದಲು ಮರದ ಕೆಳಗೆ ಯಾರು ಮಲಗುತ್ತಾರೆ ಎಂದು ಕೇಳಿದರು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅಮ್ಮ ಮಲಗುತ್ತಾರೆ ಎಂದೆ. "ಇವತ್ತಿನಿಂದ ಅವರ ಹಾಸಿಗೆ ಚಾವಡಿಗೆ ತನ್ನಿ, ಅಡುಗೆಯನ್ನೂ ಬೇರೆ ಕಡೆ ಮಾಡಿ. ಮುರಿದು ಮೇಲೆ ಸಿಕ್ಕಿಕೊಂಡ ಗೆಲ್ಲು ಏನಾದರೂ ಉಂಟಾ ಅಂತ ದೂರದಿಂದ ನೋಡಿ, ಇದ್ದರೆ ಅದರಡಿಗೆ ಹೋಗಲೇ ಬೇಡಿ" ಎಂದರು. ಆಮೇಲೆ ಕೆಲಸ ಕೊಟ್ಟರು. ಗಾಳಿ ಪೂರ್ತಿ ನಿಂತಾಗ ಮಾತ್ರ ಮರದ ಹತ್ತಿರ ಹೋಗಬೇಕು. ಇನ್ನೊಬ್ಬರು ದೂರ ನಿಂತು ಮೇಲಿನ ಗೆಲ್ಲುಗಳನ್ನು ನೋಡುತ್ತಿರಬೇಕು. ಎಡ, ಬಲ ಎನ್ನದೆ ಪೂರ್ವ, ಪಶ್ಚಿಮ ಎಂದೇ ಬರೆಯಬೇಕು, ಏಕೆಂದರೆ ನಿಂತ ಜಾಗ ಬದಲಾದರೆ ಎಡ ಬಲವಾಗುತ್ತದೆ. ಎತ್ತರವನ್ನೆಲ್ಲ ನೆಲದಿಂದಲೇ ಅಳೆಯಬೇಕು. ನೆಲದಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಮತ್ತೆ ಕಾಗದದಲ್ಲಿ ಮೂರು ಭಾಗ ಮಾಡಿ, ಅಳೆದದ್ದು, ಇವತ್ತು ಕಣ್ಣಾರೆ ಕಂಡದ್ದು, ನಿನ್ನೆಯ ನೆನಪಿನಲ್ಲಿರುವುದು ಎಂದು ಬೇರೆಬೇರೆಯಾಗಿ ಬರೆಯಬೇಕು.

ನಾನು ಟೈಲರ್ ಟೇಪು, ಬಾವಿಯ ಹಗ್ಗದ ತುಂಡು, ಮಾವಿನಕಾಯಿ ಕೊಯ್ಯುವ ದೋಟಿ, ಒಂದು ಹಿಡಿಸೂಡಿ ಕಡ್ಡಿ ಇಷ್ಟನ್ನು ಹಿಡಿದು ಹೋದೆ. ಪಕ್ಕದ ಮನೆಯ ಹುಡುಗ ಅಂಗಳದ ಅಂಚಿನಲ್ಲಿ ನಿಂತು ಮೇಲೆ ನೋಡುತ್ತಿದ್ದ.

ನೆಲದ ಬಗ್ಗೆ ಅವರು ಹೇಳಿದ್ದನ್ನು ಮೊದಲು ನೋಡಿದೆ. ಗಾಳಿ ಬಂದ ದಿಕ್ಕಿನಲ್ಲಿ, ಅಂದರೆ ದಕ್ಷಿಣದಲ್ಲಿ, ಬುಡದಿಂದ ಒಂದೆರಡು ಮೀಟರ್ ದೂರದಲ್ಲಿ ಮಣ್ಣು ಕಮಾನಿನಂತೆ ಬಿರಿದಿದೆಯೇ, ಉಬ್ಬಿದೆಯೇ, ಬುಡಕ್ಕೂ ಮಣ್ಣಿಗೂ ನಡುವೆ ಅಲುಗಾಡಿದ ಗೂಟದ ಸುತ್ತ ಆಗುವಂಥ ಸಂದು ಬಿದ್ದಿದೆಯೇ ಎಂಬುದೇ ಪ್ರಶ್ನೆ. ಬೇರು ಎದ್ದ ಮರಕ್ಕೆ ಮೇಲೆ ಏನು ಕಟ್ಟಿದರೂ ಫಲವಿಲ್ಲ, ಆದ್ದರಿಂದ ಅದೇ ಮೊದಲು ಎಂದಿದ್ದರು. ನಮ್ಮ ಮರದ ಬುಡದಲ್ಲಿ ಹಾವಸೆ ಕಟ್ಟಿದ ಮಣ್ಣು ಎಲ್ಲಿಯೂ ಹರಿದಿರಲಿಲ್ಲ. ಕಾಲಿನಿಂದ ಒತ್ತಿದೆ, ಗಟ್ಟಿಯಾಗಿತ್ತು. ಎದೆಯೆತ್ತರದಲ್ಲಿ, ಅಂದರೆ ಅರಣ್ಯದವರು ಅಳೆಯುವ 1.37 ಮೀಟರ್ ಎತ್ತರದಲ್ಲಿ, ಸುತ್ತಳತೆ 305 ಸೆಂಟಿಮೀಟರ್ ಬಂತು.

ಆಮೇಲೆ ಕವಲು. ಪಶ್ಚಿಮದ ಮುಖದಲ್ಲಿ ನನ್ನ ನೆನಪಿನ ಗೆರೆ ನಿಜವಾಗಿಯೂ ಇತ್ತು. 2.2 ಮೀಟರ್ ಎತ್ತರದ ಕವಲಿನ ಸಂದಿನಿಂದ ಶುರುವಾಗಿ ಅದು ಕೆಳಗೆ 70 ಸೆಂಟಿಮೀಟರ್ ಇಳಿದಿತ್ತು. ಮೇಲೆ ನನ್ನ ಕಿರುಬೆರಳಿನ ತುದಿ ಹೋಗುವಷ್ಟು ಅಗಲ, ಕೆಳಗೆ ಕೂದಲೆಳೆ. ಮಣೆಯ ಮೇಲೆ ನಿಂತು ಟಾರ್ಚು ಹಿಡಿದು ಒಳಗೆ ನೋಡಿದೆ. ಮೇಲಿನ ಗೇಣುದ್ದದಲ್ಲಿ ಒಳಗೋಡೆ ಕಂದು, ಒರಟು, ಒಣಗಿದ ಕೆತ್ತೆಯ ಹಾಗೆಯೇ ಇತ್ತು. ಅದರ ಕೆಳಗೆ ಬಣ್ಣ ಒಮ್ಮೆಲೇ ಬದಲಾಗಿ ಹಸಿ ಮರದ ತೆಳು ಹಳದಿ, ಅದರಲ್ಲಿ ಎಳೆಗಳು ಎದ್ದು ನಿಂತಿದ್ದವು, ಮಾವಿನಕಾಯಿ ಮುರಿದಾಗಿನ ಸೊನೆಯ ವಾಸನೆ ಬರುತ್ತಿತ್ತು. ಹಿಡಿಸೂಡಿ ಕಡ್ಡಿಯನ್ನು ತೂರಿಸಿದರೆ 14 ಸೆಂಟಿಮೀಟರ್ ಒಳಗೆ ಹೋಗಿ ನಿಂತಿತು.

ಮಧ್ಯಾಹ್ನ ಇದನ್ನು ಓದಿ ಹೇಳುವಾಗ ಅವರು ಆ ಎರಡು ಬಣ್ಣಗಳ ಬಗ್ಗೆ ಮೂರು ಸಲ ಕೇಳಿದರು. ಬಣ್ಣ ಬದಲಾಗುವ ಗಡಿ ಎಷ್ಟು ಕೆಳಗಿದೆ, ಕಂದು ಭಾಗ ಮೆತ್ತಗಿದೆಯೇ, ಹಳದಿ ಭಾಗದಲ್ಲಿ ಕಪ್ಪು ಗೆರೆಗಳಿವೆಯೇ. ಮತ್ತೆ ವಿವರಿಸಿದರು. ಎರಡು ಕವಲುಗಳು ಕಿರಿದಾದ ಕೋನದಲ್ಲಿ ಒತ್ತಿಕೊಂಡು ಬೆಳೆದರೆ ಎರಡರ ಕೆತ್ತೆಯೂ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಗಿನಿಂದ ಕೂಡಿದಂತೆ ಕಂಡರೂ ಅಲ್ಲಿ ಮರಕ್ಕೆ ಮರ ಕೂಡಿರುವುದಿಲ್ಲ. ಕಂದು ಗೋಡೆ ಆ ಹಳೆಯ ಕೆತ್ತೆ, ಅದು ವರ್ಷಗಳಿಂದ ಇದ್ದ ದೌರ್ಬಲ್ಯ. ಹಳದಿ ಭಾಗ ಮೊನ್ನೆಯ ಗಾಳಿಗೆ ಹೊಸದಾಗಿ ಹರಿದದ್ದು. ಹಾಗಾಗಿ 70 ಸೆಂಟಿಮೀಟರಿನಲ್ಲಿ ಸುಮಾರು 50 ಹೊಸ ಬಿರುಕು, ಅದು ಇನ್ನೂ ಇಳಿಯುವ ಬಿರುಕು ಎಂದು ಅವರು ಲೆಕ್ಕ ಹಾಕಿದರು. ಕೊಳೆತಿಲ್ಲದ ಮರವಾದ್ದರಿಂದ ಹಿಡಿದಿಡಲು ಸಾಧ್ಯವಿದೆ ಎಂಬುದೂ ಆ ಹಳದಿಯಿಂದಲೇ ಅವರಿಗೆ ಗೊತ್ತಾಯಿತು. ಫೋಟೊ ಇದ್ದಿದ್ದರೆ ನಾನು ಮಣೆ ಹತ್ತಿ ಟಾರ್ಚು ಬಿಟ್ಟು ಒಳಗೆ ನೋಡುತ್ತಿರಲಿಲ್ಲ. ನನ್ನ ಹನ್ನೊಂದರಲ್ಲಿ ಹೆಚ್ಚಿನವು ಮೇಲಿನ ಬಿಳಿ ಗಾಯದವೇ ಆಗಿದ್ದವು.

ಆ ಬಿಳಿ ಗಾಯದ ಬಗ್ಗೆ ನಾನು ಅಳೆಯಲಾರದೆ ನೆನಪಿನಿಂದ ಹೇಳಿದ್ದೆ: ಗೆಲ್ಲು ಕಿತ್ತ ಜಾಗ ಸುಮಾರು 5.5 ಮೀಟರ್ ಎತ್ತರದಲ್ಲಿದೆ, ನಡುವೆ ಕಪ್ಪು, ಟೊಳ್ಳಿರಬೇಕು. ಅವರು ಕೇಳಿದರು, "ಬಿದ್ದ ಗೆಲ್ಲಿನ ತುಂಡುಗಳು ಎಲ್ಲಿವೆ?" ಓಣಿಯ ಬದಿಯಲ್ಲಿ ರಾಶಿ ಹಾಕಿದ್ದಾರೆ ಎಂದೆ. "ಹಾಗಾದರೆ ಮೇಲೆ ಹತ್ತುವುದು ಯಾಕೆ? ಬುಡದ ತುಂಡನ್ನು ಹುಡುಕಿ. ಮೇಲಿನ ಗಾಯದ ಅಚ್ಚು ಅದರಲ್ಲೇ ಉಂಟು." ಸಂಜೆ ಹುಡುಗನೂ ನಾನೂ ರಾಶಿಯನ್ನು ಹೊರಳಿಸಿ ಆ ತುಂಡನ್ನು ತೆಗೆದೆವು. ಗರಗಸದ ಕಡೆಯಲ್ಲಿ ಅಡ್ಡಕ್ಕೆ 26 ಸೆಂಟಿಮೀಟರ್ ದಪ್ಪ. ಕಿತ್ತುಬಂದ ಕಡೆಯಲ್ಲಿ ಗೇಣುದ್ದದ ಎಳೆಗಳು ಸಿಗಿದ ಬೊಂಬಿನ ಹಾಗೆ ನಿಂತಿದ್ದವು, ಬಣ್ಣ ತೆಳು. ಒಳಗೆ ಕೊಳೆತಿದ್ದರೆ ಮುರಿದ ಮುಖ ರಸ್ಕಿನ ಹಾಗೆ ಮೊಂಡಾಗಿ, ಎಳೆಯಿಲ್ಲದೆ, ಕಂದಾಗಿ ಕಾಣಬೇಕಿತ್ತು. ನಾನು ಕಂಡಿದ್ದ ಕಪ್ಪು ಏನೆಂದರೆ, ಗೆಲ್ಲಿನ ಕಂಕುಳಲ್ಲಿ ವರ್ಷವರ್ಷ ಬಿದ್ದ ಎಲೆ ಕೊಳೆತು ಆದ ಮಣ್ಣು, ಮತ್ತೆ ಅದರಲ್ಲಿದ್ದ ಇರುವೆಗೂಡು. ಉಗುರಿನಿಂದ ಕೆರೆದರೆ ಅದರಡಿ ಗಟ್ಟಿ ಮರವೇ ಇತ್ತು. ನೆನಪಿನ ಭಾಗದಿಂದ ಟೊಳ್ಳು ಎಂಬ ಮಾತನ್ನು ಹೊಡೆದುಹಾಕಿ, ಕಂಡದ್ದರ ಭಾಗದಲ್ಲಿ ಇದನ್ನು ಬರೆದೆ. ಆ ಒಂದು ಮಾತು ಹಾಗೆಯೇ ಉಳಿದಿದ್ದರೆ ದಕ್ಷಿಣ ಕವಲನ್ನೇ ಇಳಿಸಬೇಕೆಂದು ತಾವು ನಿರ್ಧರಿಸುತ್ತಿದ್ದುದಾಗಿ ಅವರು ಮುಂದೆ ಹೇಳಿದರು.

ಸಂಜೆಯ ಕರೆಯಲ್ಲಿ ಅವರು ಎರಡು ವಿಷಯ ಕೇಳಿದರು. ಬಿರುಕು ಗಾಳಿಗೆ ಬಾಯಿ ತೆರೆದು ಮುಚ್ಚುತ್ತದೆಯೇ ಎಂಬುದು ಒಂದು. ಅದನ್ನು ಹತ್ತಿರ ನಿಂತು ನೋಡಬಾರದು. ಗಾಳಿ ಇಲ್ಲದಾಗ ಹಿಡಿಸೂಡಿ ಕಡ್ಡಿಯ ದಪ್ಪ ಬುಡವನ್ನು ಬಿರುಕಿನ ಬಾಯಿಯಲ್ಲಿ ಬಿಗಿಯಾಗಿ ಸಿಕ್ಕಿಸಿ, ಅದಕ್ಕೊಂದು ಕೆಂಪು ನೂಲು ಕಟ್ಟಿ, ಗಾಳಿ ಬರುವಾಗ ದೂರದಿಂದ ನೋಡಬೇಕು. ಎರಡನೆಯದು, "ಪೂರ್ವದ ಕಡೆ ಏನು ಕಾಣ್ತದೆ?" ಏನೂ ಕಾಣುವುದಿಲ್ಲ, ಬಿರುಕಿಲ್ಲ ಎಂದೆ. "ಬಿರುಕು ಇಲ್ಲವಾ, ಕಾಣುವುದಿಲ್ಲವಾ? ಮರಕ್ಕೆ ಮೆಣಸಿನ ಬಳ್ಳಿ ಬಿಟ್ಟಿದ್ದೀರಾ?"

ಬಿಟ್ಟಿದ್ದೆವು. ಕರಾವಳಿಯಲ್ಲಿ ಹಿತ್ತಿಲ ಮರಕ್ಕೆ ಕಾಳುಮೆಣಸು ಬಿಡದವರು ಕಡಿಮೆ. ಪೂರ್ವದ ಮುಖ ಪೂರ್ತಿ ಬಳ್ಳಿಯಿಂದ ಮುಚ್ಚಿತ್ತು, ಎಲೆ ಮಾತ್ರ ಕಾಣುತ್ತಿದ್ದುದರಿಂದ ನಾನು ಅದನ್ನು ಒಳ್ಳೆಯ ಬದಿ ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಗಾಳಿ ನಿಂತಿದ್ದಾಗ ಹೋಗಿ ಎಲೆಗಳನ್ನು ಎರಡು ಕೈಯಿಂದ ಸರಿಸಿದೆ. ಮೆಣಸಿನ ಬಳ್ಳಿ ಗೆಣ್ಣುಗಳಿಂದ ಸಣ್ಣ ಬೇರುಗಳನ್ನು ಬಿಟ್ಟು ಕೆತ್ತೆಯನ್ನು ಕಚ್ಚಿಕೊಂಡಿರುತ್ತದೆ. ಒಂದು ನೇರ ಸಾಲಿನಲ್ಲಿ ಆ ಬೇರುಗಳೆಲ್ಲ ತುಂಡಾಗಿದ್ದವು, ತುದಿಗಳು ಇನ್ನೂ ಬೆಳ್ಳಗೆ, ನೂಲು ಹರಿದ ಹಾಗೆ. ಆ ಸಾಲಿನ ಕೆಳಗೆ ಬಿರುಕು ಇತ್ತು, 40 ಸೆಂಟಿಮೀಟರ್ ಉದ್ದ. ಅದೇ ದಿನ ಹತ್ತು ಗಂಟೆಗೆ ಗಾಳಿ ಎದ್ದಾಗ ಚಾವಡಿಯಿಂದ ನೋಡುತ್ತಿದ್ದೆ. ಮೂರನೆಯ ಬೀಸಿಗೆ ಕೆಂಪು ನೂಲಿನ ಕಡ್ಡಿ ಕಳಚಿ ಕೆಳಗೆ ಬಿತ್ತು.

ಫೋನಿನಲ್ಲಿ ಇದನ್ನು ಕೇಳಿದ ಮೇಲೆ ಅವರ ಧ್ವನಿ ಬದಲಾಯಿತು. ಬಿರುಕು ಪಶ್ಚಿಮದಿಂದ ಪೂರ್ವಕ್ಕೆ ಹಾದುಹೋಗಿದೆ, ಗಾಳಿಗೆ ಬಾಯಿ ಬಿಡುತ್ತಿದೆ, ಉತ್ತರ ಕವಲಿನ ಕೆಳಗೆ ಮನೆ ಇದೆ. ಇನ್ನು ಯಾರೂ ಆ ಮರದಡಿಗೆ ಹೋಗಬಾರದು, ಮಳೆಗಾಲ ಶುರುವಾಗುವವರೆಗೆ ಕಾಯುವ ಮಾತೂ ಇಲ್ಲ ಎಂದರು. ಕವಲುಗಳಿಗೆ ಈಗಲೇ ಹಗ್ಗ ಬಿಗಿದರೆ ಆಗದೇ ಎಂದು ಕೇಳಿದೆ. ತೆಂಗಿನ ನಾರಿನ ಹಗ್ಗ ಭಾರಕ್ಕೆ ಎಳೆದುಕೊಳ್ಳುತ್ತದೆ, ಕಟ್ಟಿದ್ದೇವೆಂಬ ಧೈರ್ಯದಲ್ಲಿ ನೀವು ಅಡುಗೆಮನೆಗೆ ವಾಪಸು ಹೋಗುತ್ತೀರಿ, ಅದು ಬೇಡ ಎಂದರು. ಜಿಲ್ಲೆ ದಾಟಲು ಅನುಮತಿ ಪಡೆದು ತಾವೇ ಬರುವುದಾಗಿ ತಿಳಿಸಿದರು.

ಆದರೆ ಅಂಗಡಿಗಳೆಲ್ಲ ಮುಚ್ಚಿದ್ದರಿಂದ ಬಂದ ಮೇಲೆ ಸಾಮಾನು ತರಿಸುವಂತಿರಲಿಲ್ಲ. ಕವಲಿನ ಕೆಳಗೆ ಬಿರುಕಿಗೆ ಅಡ್ಡವಾಗಿ ಉತ್ತರ ದಕ್ಷಿಣವಾಗಿ ಮರವನ್ನು ಕೊರೆದು ಥ್ರೆಡ್ ಇರುವ ಉಕ್ಕಿನ ಸರಳು ಹಾಕಿ ಎರಡೂ ಕಡೆ ನಟ್ಟು ಬಿಗಿಯಬೇಕಿತ್ತು, ಅದನ್ನು ಬೇಕಾದ ಉದ್ದಕ್ಕೆ ಮಂಗಳೂರಿನಲ್ಲೇ ಕತ್ತರಿಸಿ ತರಬೇಕಿತ್ತು. ಈ ಅಳತೆಯ ಅಗತ್ಯ ಬರಬಹುದೆಂದು ಊಹಿಸಿ ಹಿಂದಿನ ಸಂಜೆಯೇ ಅವರು ಅದನ್ನೂ ಹೇಳಿದ್ದರು. ಬಳ್ಳಿ ಸರಿಸಲು ಹೋದಾಗಲೇ ಅದನ್ನು ಮುಗಿಸಿದ್ದೆ. ಕವಲಿನಿಂದ 30 ಸೆಂಟಿಮೀಟರ್ ಕೆಳಗೆ ಸುತ್ತಳತೆ 352 ಬಂತು. ಅದನ್ನು 3.14ರಿಂದ ಭಾಗಿಸಿ 112 ಸೆಂಟಿಮೀಟರ್ ದಪ್ಪ ಎಂದು ಬರೆದುಕೊಂಡೆ, ಏಕೆಂದರೆ ಶಾಲೆಯಲ್ಲಿ ಕಲಿತದ್ದು ಹಾಗೆ. ಅವರು ಮಾತ್ರ ಸುತ್ತಳತೆಯನ್ನು ನಂಬಬೇಡಿ, ಕವಲಿನ ಕೆಳಗೆ ಮರ ಉರುಟಾಗಿರುವುದಿಲ್ಲ, ಕವಲುಗಳಿರುವ ದಿಕ್ಕಿಗೆ ಉದ್ದಕ್ಕೆ ಉಬ್ಬಿರುತ್ತದೆ ಎಂದಿದ್ದರು. ಅವರು ಹೇಳಿದಂತೆ ಮರದ ಉತ್ತರಕ್ಕೊಂದು ದಕ್ಷಿಣಕ್ಕೊಂದು ನೇರ ಬೊಂಬನ್ನು ಕೆತ್ತೆಗೆ ತಾಗಿಸಿ ನೆಟ್ಟಗೆ ನಿಲ್ಲಿಸಿ, ಅವುಗಳ ನಡುವಿನ ದೂರವನ್ನು ಪಶ್ಚಿಮದ ಬದಿಯಿಂದ ಅಳೆದೆ. 124 ಬಂತು. ಸುತ್ತಳತೆಯ ಲೆಕ್ಕದಲ್ಲಿ ಸರಳು ತಂದಿದ್ದರೆ 12 ಸೆಂಟಿಮೀಟರ್ ಕಡಿಮೆ ಬೀಳುತ್ತಿತ್ತು, ನಟ್ಟು ಹಾಕಲು ತುದಿಯೇ ಹೊರಗೆ ಬರುತ್ತಿರಲಿಲ್ಲ.

20ರಂದು ಅವರು ಇಬ್ಬರು ಮರ ಹತ್ತುವವರೊಂದಿಗೆ ಬಂದರು. ಕೈಯಲ್ಲಿ ಒಂದು ಕಾಗದವಿತ್ತು, ನಾನು ಫೋನಿನಲ್ಲಿ ಹೇಳಿದ್ದನ್ನು ಕೇಳುತ್ತಾ ಬರೆದುಕೊಂಡ ಮರದ ಚಿತ್ರ, ಪೂರ್ವದ ಬದಿಯಲ್ಲಿ ಮೆಣಸಿನ ಬಳ್ಳಿಯ ಸುರುಳಿ ಸಹಿತ. ಮರದ ಸುತ್ತ ಒಂದು ಸುತ್ತು ಬಂದು ಅದರೊಂದಿಗೆ ಹೋಲಿಸಿದರು. ಕಿತ್ತ ಗೆಲ್ಲಿನ ಎತ್ತರ ನಾನು ಹೇಳಿದ್ದಕ್ಕಿಂತ 80 ಸೆಂಟಿಮೀಟರ್ ಹೆಚ್ಚಿತ್ತು. ಅದು ನೆನಪಿನ ಭಾಗದಲ್ಲಿದ್ದ ಅಂಕಿ, ಆದ್ದರಿಂದ ಅದನ್ನು ನಂಬಿ ಏನನ್ನೂ ತಂದಿರಲಿಲ್ಲ ಎಂದರು.

ಕೆಲಸ ಒಂದು ದಿನದಲ್ಲಿ ಮುಗಿಯಿತು. ಮೊದಲು ಉತ್ತರ ಕವಲಿನ ತುದಿಗಳನ್ನು ಎರಡು ಮೀಟರಿನಷ್ಟು ಒಳಕ್ಕೆ ಕಡಿದು ಭಾರ ಇಳಿಸಿದರು. ಎಲೆಯ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಲಿಲ್ಲ, ಏಕೆಂದರೆ ಗಾಯ ಮುಚ್ಚಲು ಬೇಕಾದ ಆಹಾರ ಎಲೆಯಿಂದಲೇ ಬರಬೇಕು. ದಪ್ಪ ಗೆಲ್ಲುಗಳನ್ನು ಮೊದಲು ಅಡಿಯಿಂದ ಸ್ವಲ್ಪ ಕೊಯ್ದು, ಆಮೇಲೆ ಅದಕ್ಕಿಂತ ಹೊರಗೆ ಮೇಲಿನಿಂದ ಕೊಯ್ದು ಬೀಳಿಸಿ, ಉಳಿದ ಮೋಟನ್ನು ಕೊನೆಗೆ ಬುಡದ ಉಬ್ಬಿನ ಹೊರಗೆ ತೆಗೆದರು. ಹಾಗಾಗಿ ಕೆತ್ತೆ ಸುಲಿದು ಬರಲಿಲ್ಲ. ನಂತರ ಸರಳುಗಳು, ಒಂದು ಕವಲಿನ ಕೆಳಗೆ, ಒಂದು ಮೇಲೆ. ಕೊನೆಗೆ ಕವಲಿನಿಂದ ತುದಿಯವರೆಗಿನ ಎತ್ತರದ ಮೂರರಲ್ಲಿ ಎರಡು ಭಾಗ ಮೇಲೆ, ಎರಡು ಕವಲುಗಳ ನಡುವೆ ಉಕ್ಕಿನ ಕೇಬಲ್ಲು. ಊರಿನ ಹಿರಿಯರೊಬ್ಬರು ಗಾಯಕ್ಕೆ ಡಾಂಬರು ಬಳಿಯಲು ಡಬ್ಬ ಹಿಡಿದು ಬಂದಿದ್ದರು. ಮಂಗಳೂರಿನಿಂದ ಬಂದವರು ಅದನ್ನು ಗೌರವದಿಂದಲೇ ಬೇಡವೆಂದರು, ಡಾಂಬರಿನಡಿ ನೀರು ನಿಂತರೆ ಕೊಳೆತ ಕಾಣುವುದೂ ಇಲ್ಲ, ನಿಲ್ಲುವುದೂ ಇಲ್ಲ ಎಂದು. ಸುಲಿದ ಜಾಗದಲ್ಲಿ ಸಡಿಲವಾಗಿದ್ದ ಕೆತ್ತೆಯನ್ನು ಮಾತ್ರ ಹಿಡಿದಿರುವ ಜಾಗದವರೆಗೆ ಕತ್ತಿಯಿಂದ ಬಿಡಿಸಿದರು.

ಹರಿದ ಮರ ಮತ್ತೆ ಕೂಡಿಕೊಳ್ಳುವುದಿಲ್ಲ ಎಂದು ಅವರು ಹೊರಡುವಾಗ ಸ್ಪಷ್ಟವಾಗಿ ಹೇಳಿದರು. ಸರಳು ಅದನ್ನು ಹಿಡಿದಿಡುತ್ತದೆ, ಹೊಸ ಮರ ಹೊರಗಿನಿಂದ ಅಂಚುಗಳ ಮೇಲೆ ಬೆಳೆಯುತ್ತದೆ, ಒಳಗಿನ ಬಿರುಕು ಇದ್ದೇ ಇರುತ್ತದೆ. ನೋಡುತ್ತಿರಬೇಕಾದ್ದು ಎರಡು. ಬಿರುಕಿನ ಕೆಳತುದಿ ಇಳಿಯುತ್ತಿದೆಯೇ ಎಂಬುದೊಂದು, ಗಾಯದ ಕೆಳಗೆ ಗರಗಸದ ಹುಡಿಯಂಥದ್ದು ಬೀಳುತ್ತಿದೆಯೇ ಎಂಬುದಿನ್ನೊಂದು. ಮಾವಿನ ಕಾಂಡ ಕೊರೆಯುವ ಹುಳು ಗಾಯಗೊಂಡ ಕೆತ್ತೆಯನ್ನು ಹುಡುಕಿ ಮೊಟ್ಟೆ ಇಡುತ್ತದೆ, ಒಳಗೆ ಕೊರೆಯುವಾಗ ಆ ಹುಡಿ ಹೊರಗೆ ಬರುತ್ತದೆ.

ಮೆಣಸಿನ ಬಳ್ಳಿಯನ್ನು ಆ ಮಳೆಗಾಲದಲ್ಲೇ ಇನ್ನೊಂದು ಮರಕ್ಕೆ ದಾಟಿಸಿದೆವು. ಈಗ ಪೂರ್ವದ ಮುಖ ಬರಿದಾಗಿದೆ. ಬಿರುಕಿನ ಎರಡೂ ಕೆಳತುದಿಗಳಲ್ಲಿ ಬಣ್ಣದಿಂದ ಒಂದೊಂದು ಗೆರೆ ಎಳೆದಿದ್ದೇನೆ. ಪ್ರತಿ ವರ್ಷ ಮಳೆ ಶುರುವಾಗುವ ಮೊದಲು ಮತ್ತು ದೀಪಾವಳಿಯ ಹೊತ್ತಿಗೆ ಮಣೆ ಇಟ್ಟು, ಟೇಪು ಹಿಡಿದು ನೋಡಿ, ಅದೇ ಮೂರು ಭಾಗದ ಕಾಗದದಲ್ಲಿ ಬರೆದಿಡುತ್ತೇನೆ. ಮೊದಲ ವರ್ಷ ಪಶ್ಚಿಮದ ತುದಿ ಗೆರೆಯಿಂದ 2 ಸೆಂಟಿಮೀಟರ್ ಕೆಳಗಿಳಿದಿತ್ತು. ಅದನ್ನು ಫೋನು ಮಾಡಿ ತಿಳಿಸಿದಾಗ ಅವರು ಬಂದು ನಟ್ಟು ಬಿಗಿದುಹೋದರು. ಆಮೇಲೆ ಇಳಿದಿಲ್ಲ. ಅಂಚುಗಳಲ್ಲಿ ಹೊಸ ಮರ ತುಟಿಯ ಹಾಗೆ ಎರಡು ಕಡೆಯಿಂದ ಉಬ್ಬಿ ಬರುತ್ತಿದೆ, ನಡುವೆ ಹಿಡಿಸೂಡಿ ಕಡ್ಡಿ ಈಗ ಒಳಗೆ ಹೋಗುವುದಿಲ್ಲ.